ಡೇಟಿಂಗ್ ಪ್ರೊಫೈಲಲ್ಲಿ ಟ್ರಾನ್ಸ್ ಅಂತ ಬರೀಬೇಕಾ? ಎಲ್ಲಿ ಬರೀಬೇಕು, ಯಾವಾಗ ಹೇಳ್ಬೇಕು, ಹುಷಾರಾಗಿ ಹೆಂಗೆ ಮಾಡೋದು

ಆಪ್ ಹಾಕೊಂಡು, ಫೋಟೋ ಹಾಕಿ, ಹೆಸರು ಹಾಕಿ, ಬಯೋ ಬರೆಯೋ ಜಾಗಕ್ಕೆ ಬಂದ್ರೆ ಕೈ ನಿಂತ್ಬಿಡತ್ತೆ. ಟ್ರಾನ್ಸ್ ಅಂತ ಬರೀದೇ ಇದ್ರೆ ನಾಳೆ ಮೀಟ್ ಆದೋನಿಗೆ ಗೊತ್ತಾಗಿ ಏನ್ ಮಾಡ್ತಾನೋ ಅನ್ನೋ ಭಯ, ಬರೆದ್ರೆ ಅಣ್ಣನ ಫ್ರೆಂಡೋ ಆಫೀಸಲ್ಲಿ ಪಕ್ಕದ ಸೀಟೋರೋ ನೋಡಿ ಸ್ಕ್ರೀನ್‌ಶಾಟ್ ಹೊಡೆದು ಮನೆಗೆ ಕಳಿಸ್ಬಿಟ್ರೆ ಅನ್ನೋ ಭಯ. ಎರಡೂ ನಿಜವಾದ ಭಯಗಳೇ, ಆದ್ರೆ ಒಂದು ಈ ಕಡೆ ಎಳೆಯತ್ತೆ, ಇನ್ನೊಂದು ಆ ಕಡೆ. ಅದಕ್ಕೇ "ಹೇಳ್ಲೇಬೇಕು" ಅಂತಾನೋ "ಹೇಳ್ಲೇಬಾರ್ದು" ಅಂತಾನೋ ಎಲ್ಲರಿಗೂ ಒಂದೇ ಉತ್ತರ ಕೊಡೋರ ಮಾತು ನಂಗೆ ಒಪ್ಪಿಗೆ ಆಗಲ್ಲ.

ನಾನು ಹಾಸನದ ಕಡೆಯವಳು, ಬೆಂಗ್ಳೂರಿಗೆ ಬಂದು ಹನ್ನೊಂದು ವರ್ಷ ಆಯ್ತು, ಟ್ರಾನ್ಸ್ ಮಹಿಳೆ. ಗಂಡಸರ ಜೊತೆ ಡೇಟ್ ಮಾಡೋ ಟ್ರಾನ್ಸ್ ಹೆಣ್ಮಕ್ಕಳ ಬಗ್ಗೆ ಮಾತ್ರ ಇಲ್ಲಿ ಬರೀತಿದೀನಿ, ಯಾಕಂದ್ರೆ ನಂಗೆ ಚೆನ್ನಾಗಿ ಗೊತ್ತಿರೋದು ಅದೇ. ಟ್ರಾನ್ಸ್ ಗಂಡಸರ ಕಷ್ಟ ಬೇರೆ ತರ ಇರತ್ತೆ, ಎದುರಿನವರಿಗಿಂತ ಸ್ವಂತ ಮನೆಯವರೇ ಹುಡುಕ್ಕೊಂಡು ಬಂದು ವಾಪಸ್ ಎಳ್ಕೊಂಡು ಹೋಗೋ ಅಪಾಯ ಅವರಿಗೆ ಜಾಸ್ತಿ. ಫೋನ್ ನಂಬರು, ಫೋಟೋ, ಲೊಕೇಶನ್ ಬಗ್ಗೆ ಕೆಳಗೆ ಹೇಳಿರೋದು ಅವರಿಗೂ ಉಪಯೋಗಕ್ಕೆ ಬರತ್ತೆ.

ಉದಾಹರಣೆಗೆ ನನ್ನ ಗೆಳತಿ ಒಬ್ಬಳ ಪ್ರೊಫೈಲ್ ತಗೋತೀನಿ, ಅವಳನ್ನ ಕೇಳಿನೇ ಬರೀತಿರೋದು, ಗುರುತು ಸಿಗೋ ವಿವರ ಎಲ್ಲ ಬದಲಾಯ್ಸಿದೀನಿ. ವಯಸ್ಸು 27, ವೈಟ್‌ಫೀಲ್ಡ್ ಕಡೆ ಕೆಲಸ, ಪಿಜಿಲಿ ಇರೋದು. ಹಾರ್ಮೋನ್ ಶುರು ಮಾಡಿ ಮೂರು ವರ್ಷ. ಹೊರಗಡೆ ನೋಡಿದೋರು ಸಾಮಾನ್ಯವಾಗಿ ಹೆಣ್ಣು ಅಂತಾನೇ ಮಾತಾಡಿಸ್ತಾರೆ.

ಮೊದಲ ಹಂತ: ಪೇಪರ್ ತಗೊಂಡು ಯಾರಿಗೆ ಗೊತ್ತು ಅಂತ ಬರೀರಿ

ಬಯೋ ಬರೆಯೋಕೂ ಮುಂಚೆ ಇದು. ಎರಡು ಕಾಲಂ ಹಾಕಿ. ಒಂದ್ರಲ್ಲಿ ಈಗಾಗ್ಲೇ ಗೊತ್ತಿರೋರು, ಇನ್ನೊಂದ್ರಲ್ಲಿ ಗೊತ್ತಿಲ್ದೇ ಇರೋರು. ಎರಡನೇ ಕಾಲಂನಲ್ಲಿ ಇರೋ ಪ್ರತಿ ಹೆಸರಿನ ಮುಂದೆ, ಇವರಿಗೆ ನಾಳೆ ಬೆಳಿಗ್ಗೆ ಗೊತ್ತಾದ್ರೆ ನಂಗೆ ಏನು ಹೋಗತ್ತೆ ಅಂತ ಒಂದು ಪದ ಬರೀರಿ: ಕೆಲಸ, ರೂಮು, ದುಡ್ಡು, ಹೊಡೆತ, ಅಥವಾ ಬರೀ ಬೇಜಾರು. ಬರೀ ಬೇಜಾರು ಅಂತ ಇರೋರ ವಿಷಯಕ್ಕೆ ಪ್ರೊಫೈಲ್ ಮುಚ್ಚಿಡೋದು ಬಿಡೋದು ನಿಮ್ಮಿಷ್ಟ. ಬೇರೆ ಪದ ಬಂದ್ರೆ ಅದು ಲೆಕ್ಕಕ್ಕೆ ಬರತ್ತೆ.

ನನ್ನ ಗೆಳತಿ ಲಿಸ್ಟ್ ಹಿಂಗಿತ್ತು. ಅಮ್ಮನಿಗೆ ಗೊತ್ತು, ಒಪ್ಕೊಂಡಿಲ್ಲ ಆದ್ರೆ ಬಾಯ್ಬಿಡಲ್ಲ. ಅಕ್ಕನಿಗೆ ಗೊತ್ತು. ಆಫೀಸಲ್ಲಿ ಎಚ್ಆರ್ ಸೇರಿ ಮೂರು ಜನಕ್ಕೆ ಗೊತ್ತು. ಅಪ್ಪನಿಗೆ, ಅಣ್ಣನಿಗೆ ಗೊತ್ತಿಲ್ಲ, "ಬೆಂಗ್ಳೂರಲ್ಲಿ ಕೂದಲು ಬಿಟ್ಕೊಂಡು ತಿರುಗ್ತಾನೆ" ಅಂತ ಮಾತ್ರ ಗೊತ್ತು. ಅಣ್ಣನ ಮುಂದೆ ಅವಳು ಬರೆದಿದ್ದು "ಹೊಡೆತ". ಪಿಜಿ ಆಂಟಿಗೆ ಗೊತ್ತಿಲ್ಲ, ಅವರ ಮುಂದೆ "ರೂಮು". ಈ ಎರಡು ಹೆಸರಿಂದಾನೇ ಮುಂದಿನದೆಲ್ಲ ತೀರ್ಮಾನ ಆಯ್ತು: ಎಲ್ಲರಿಗೂ ಕಾಣೋ ಹಂಗೆ ಬಯೋಲಿ ಬರಿಯೋದು ಅವಳಿಗೆ ಈಗ ಬೇಡ, ಚಾಟಲ್ಲಿ ಒಬ್ಬೊಬ್ಬರಿಗೆ ಹೇಳೋದು. ನಂದು ಬೇರೆ. ನಮ್ಮೂರಲ್ಲಿ ಗೊತ್ತಿಲ್ಲದೇ ಇರೋರು ಯಾರೂ ಉಳಿದಿಲ್ಲ, ಹಂಗಾಗಿ ನನ್ನ ಬಯೋದ ಮೊದಲ ಸಾಲಲ್ಲೇ ಟ್ರಾನ್ಸ್ ಮಹಿಳೆ ಅಂತ ಇದೆ, ಬೇಡದೇ ಇರೋ ಗಂಡಸರು ಅಲ್ಲೇ ದಾಟಿ ಹೋಗ್ತಾರೆ.

ಇರೋ ದಾರಿ ಎರಡೇ ಅಂತ ನಾನು ಹೇಳೋದು. ಪ್ರೊಫೈಲಲ್ಲೇ ಸ್ಪಷ್ಟವಾಗಿ ಬರಿಯೋದು, ಇಲ್ಲಾಂದ್ರೆ ಮೀಟ್ ಆಗೋಕೆ ಮುಂಚೆ ಚಾಟಲ್ಲಿ ಹೇಳೋದು. ಮೂರನೇದು, ಎದುರಾಬದುರು ಕೂತಾಗ, ಕಾರಲ್ಲಿ ಅಥವಾ ರೂಮಲ್ಲಿ ಮೊದಲ ಸಲ ಹೇಳೋದು, ಅದನ್ನ ದಯವಿಟ್ಟು ಮಾಡ್ಬೇಡಿ. ಇದು ನ್ಯಾಯ ಅನ್ಯಾಯದ ಪ್ರಶ್ನೆ ಅಲ್ಲ, ನಿಮ್ಮ ದೇಹದ ಬಗ್ಗೆ ಯಾರಿಗೂ ನೀವು ಸಾಲಗಾರರಲ್ಲ. ಆದ್ರೆ ಅವನಿಗೆ ಸಿಟ್ಟು ಬರೋದೇ ಆದ್ರೆ ಆ ಸಿಟ್ಟು ಬರೋ ಹೊತ್ತಿಗೆ ಅವನು ಹತ್ತು ಕಿಲೋಮೀಟರ್ ದೂರದಲ್ಲಿ ಫೋನ್ ಹಿಡ್ಕೊಂಡಿರ್ಲಿ, ನಿಮ್ಮ ಕೈಗೆಟುಕೋ ದೂರದಲ್ಲಿ ಇರೋದು ಬೇಡ.

ಅರ್ಧ ಹೇಳೋದು ಎಲ್ಲಕ್ಕಿಂತ ಅಪಾಯ

ತುಂಬಾ ಜನ ಮಧ್ಯದ ದಾರಿ ಅಂತ ತಿಳಿ ನೀಲಿ, ಗುಲಾಬಿ, ಬಿಳಿ ಬಾವುಟದ ಎಮೋಜಿ ಒಂದು ಹಾಕ್ತಾರೆ, ಇಲ್ಲಾ "ಟಿ-ಗರ್ಲ್" ಅಂತ ಬರೀತಾರೆ, ಇಲ್ಲಾ "ನಾನು ಸ್ವಲ್ಪ ಡಿಫರೆಂಟ್" ಅಂತ. ನನ್ನ ಗೆಳತಿನೂ ಮೊದಲ ಡ್ರಾಫ್ಟಲ್ಲಿ ಇದನ್ನೇ ಬರೆದಿದ್ದಳು: "ಡಿಫರೆಂಟ್ ಹುಡುಗಿ, ಅರ್ಥ ಮಾಡ್ಕೊಳ್ಳೋರು ಮಾತ್ರ ಬನ್ನಿ", ಪಕ್ಕದಲ್ಲಿ ಬಾವುಟ.

ಇದರಿಂದ ಏನಾಗತ್ತೆ ನೋಡಿ. ಮ್ಯಾಚ್ ಆಗೋ ಹತ್ತು ಹುಡುಗರಲ್ಲಿ ಹೆಚ್ಚಿನವರಿಗೆ ಆ ಬಾವುಟ ಯಾವುದು ಅಂತಾನೇ ಗೊತ್ತಿರಲ್ಲ, ಅವರ ಲೆಕ್ಕದಲ್ಲಿ ನೀವು ಏನೂ ಹೇಳಿಲ್ಲ, ಆಮೇಲೆ ಗೊತ್ತಾದಾಗ "ಮೋಸ ಮಾಡ್ದೆ" ಅಂತಾನೇ ಅಂತಾರೆ. ಅದೇ ನಿಮ್ಮ ಆಫೀಸಲ್ಲಿ ಅನುಮಾನ ಇಟ್ಕೊಂಡಿರೋನು ನೋಡಿದ್ರೆ ಒಂದೇ ಕ್ಷಣದಲ್ಲಿ ಅರ್ಥ ಆಗ್ಬಿಡತ್ತೆ. ಅಂದ್ರೆ ಗೊತ್ತಾಗ್ಬೇಕಾದೋನಿಗೆ ಗೊತ್ತಾಗ್ಲಿಲ್ಲ, ಗೊತ್ತಾಗ್ಬಾರ್ದಿದ್ದೋನಿಗೆ ಗೊತ್ತಾಯ್ತು. ಇನ್ನೊಂದು, "ಡಿಫರೆಂಟ್" ಅನ್ನೋ ಪದ ನೋಡಿ ಬರೋರು ಒಂದು ತರದ ಜನ, ರಾತ್ರಿ ಹನ್ನೊಂದಕ್ಕೆ "ರೇಟ್ ಎಷ್ಟು" ಅಂತ ಕೇಳೋರು.

ಹಂಗಾಗಿ ಬರೆದ್ರೆ ಪೂರ್ತಿ ಬರೀರಿ. "ನಾನು ಟ್ರಾನ್ಸ್ ಮಹಿಳೆ" ಅಂತ ಎರಡು ಮೂರು ಪದ ಸಾಕು, ಕನ್ನಡದಲ್ಲೂ ಇಂಗ್ಲಿಷಲ್ಲೂ ಎರಡರಲ್ಲೂ ಹಾಕಿ. ಮಂಗಳಮುಖಿ ಅನ್ನೋ ಪದ ನಮ್ಮಲ್ಲಿ ಎಷ್ಟೋ ಜನ ಹೆಮ್ಮೆಯಿಂದ ಹೇಳ್ಕೊಳ್ಳೋದು, ನಿಮ್ಮ ಬದುಕು ಆ ಜಮಾತ್ ಜೊತೆ ಇದ್ರೆ ಅದನ್ನೇ ಬರೀರಿ, ಇಲ್ಲದಿದ್ರೆ ಓದೋನು ಬೇರೇನೋ ಕಲ್ಪಿಸ್ಕೋತಾನೆ. ಬರೀಬಾರ್ದು ಅಂತ ತೀರ್ಮಾನ ಆದ್ರೆ ಸುಳಿವೂ ಬೇಡ, ಬಾವುಟವೂ ಬೇಡ, ಪ್ರೈಡ್ ಮೆರವಣಿಗೆ ಫೋಟೋನೂ ಬೇಡ.

ಬಯೋ ಪೂರ್ತಿ ಅದೇ ವಿಷಯ ತುಂಬ್ಬೇಡಿ. ನನ್ನದು ಈಗ ಹಿಂಗಿದೆ:

"ಟ್ರಾನ್ಸ್ ಮಹಿಳೆ. ಹಾಸನದ ಹುಡುಗಿ, ಬೆಂಗ್ಳೂರಲ್ಲಿ ಕೆಲಸ. ಭಾನುವಾರ ಬೆಳಿಗ್ಗೆ ಅಕ್ಕಿರೊಟ್ಟಿ, ಸಂಜೆ ಹಳೇ ಹಾಡು. ಹಗಲು ಹೊತ್ತಲ್ಲಿ ಕಾಫಿಗೆ ಸಿಗೋಕೆ ಒಪ್ಪೋರು ಮಾತಾಡಿ. ದೇಹದ ಬಗ್ಗೆ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇಲ್ಲ."

"ಹಗಲು ಹೊತ್ತಲ್ಲಿ" ಅನ್ನೋ ಎರಡು ಪದ ಇದ್ಯಲ್ಲ, ಅದು ಮಾಡೋ ಕೆಲಸ ದೊಡ್ಡದು. ನಿಮ್ಮ ಜೊತೆ ನಾಲ್ಕು ಜನರ ಮುಂದೆ ಕಾಣಿಸ್ಕೊಳ್ಳೋಕೆ ನಾಚಿಕೆ ಪಡೋನು ಅದನ್ನ ಓದಿ ಅಲ್ಲೇ ಬಿಟ್ಟು ಹೋಗ್ತಾನೆ.

ಆದ್ರೂ ಬಯೋಲಿ ಬರೆದಿದೀನಿ ಅಂತ ನಿಶ್ಚಿಂತೆಯಾಗಿ ಇರ್ಬೇಡಿ. ಅರ್ಧಕ್ಕರ್ಧ ಜನ ಫೋಟೋ ನೋಡಿ ಸ್ವೈಪ್ ಮಾಡಿರ್ತಾರೆ, ಒಂದು ಸಾಲೂ ಓದಿರಲ್ಲ. ಅದಕ್ಕೇ ನಾನು ಚಾಟ್ ಶುರುವಾಗಿ ಎರಡು ಮೂರು ಮೆಸೇಜ್ ಒಳಗೆ "ನನ್ನ ಬಯೋ ಓದಿದ್ರಾ, ಟ್ರಾನ್ಸ್ ಅಂತ ನೋಡಿದ್ರಾ" ಅಂತ ಕೇಳೇ ಕೇಳ್ತೀನಿ. ಹೌದು ಅಂತ ಅವನ ಕೈಲೇ ಟೈಪ್ ಮಾಡಿಸ್ಬೇಕು.

ಜೆಂಡರ್ ಸೆಟ್ಟಿಂಗ್

ಟಿಂಡರ್, ಬಂಬಲ್, ಹಿಂಜ್ ಮೂರರಲ್ಲೂ ಗಂಡು ಹೆಣ್ಣು ಅಂತ ಆರಿಸೋದಷ್ಟೇ ಅಲ್ಲದೆ ಟ್ರಾನ್ಸ್ ಮಹಿಳೆ ಅಂತ ಹೇಳ್ಕೊಳ್ಳೋಕೂ ಅವಕಾಶ ಇದೆ, ಅದನ್ನ ಪ್ರೊಫೈಲಲ್ಲಿ ತೋರಿಸ್ಬೇಕಾ ಬೇಡ್ವಾ ಅನ್ನೋದು ಬೇರೆ ಬಟನ್. ಎಡವೋದು ಇಲ್ಲೇ. ಆರಿಸಿದ ಮೇಲೆ ತೋರಿಸೋ ಬಟನ್ ಆನ್ ಇದ್ಯೋ ಆಫ್ ಇದ್ಯೋ ಅಂತ ನೋಡದೇ ಮುಂದೆ ಹೋಗ್ಬಿಡ್ತೀವಿ. ಪ್ರೊಫೈಲ್ ಎಡಿಟ್ ಮಾಡೋ ಜಾಗದಲ್ಲಿ ಪ್ರಿವ್ಯೂ ಇರತ್ತೆ, ಅದನ್ನ ತೆಗೆದು ನೋಡಿ, ಸಾಧ್ಯ ಆದ್ರೆ ನಂಬಿಕೆಯ ಗೆಳತಿ ಫೋನಲ್ಲಿ ನಿಮ್ಮ ಪ್ರೊಫೈಲ್ ಹೆಂಗೆ ಕಾಣತ್ತೆ ಅಂತ ಒಂದ್ಸಲ ನೋಡಿ. ನನ್ನ ಗೆಳತಿ ಹೆಣ್ಣು ಅಂತ ಮಾತ್ರ ಆರಿಸ್ಕೊಂಡ್ಳು. ಅದು ಸುಳ್ಳಲ್ಲ. 2014ರ ನಾಲ್ಸಾ ತೀರ್ಪಲ್ಲಿ ಸುಪ್ರೀಂ ಕೋರ್ಟೇ ತನ್ನ ಲಿಂಗ ಯಾವುದು ಅಂತ ಹೇಳ್ಕೊಳ್ಳೋ ಹಕ್ಕು ಆ ವ್ಯಕ್ತಿದು ಅಂತ ಹೇಳಿದೆ.

ಟ್ರಾನ್ಸ್ ಪ್ರೊಫೈಲುಗಳನ್ನ ಕೆಲವರು ಬೇಕಂತಾನೇ "ಫೇಕ್" ಅಂತ ರಿಪೋರ್ಟ್ ಮಾಡ್ತಾರೆ, ಅಕೌಂಟ್ ಬ್ಲಾಕ್ ಆಗತ್ತೆ. ಅದಕ್ಕೆ ಮೊದಲ ದಿನಾನೇ ಸೆಲ್ಫಿ ವೆರಿಫಿಕೇಶನ್ ಮಾಡಿಸ್ಕೊಂಡ್ಬಿಡಿ. ಫೋಟೋಗಳು ಈಗಿನವೇ ಆಗಿರ್ಲಿ, ಹಾರ್ಮೋನ್ ಶುರುವಾದ ಹೊಸದರ ಫೋಟೋ ಹಾಕಿದ್ರೆ ಮುಖ ಹೊಂದದೇ ಫೇಲ್ ಆಗ್ಬಹುದು. ಹಳೇ ಹೆಸರಿರೋ ಆಧಾರ್ ಆಗ್ಲಿ, ಟಿಜಿ ಕಾರ್ಡ್ ಆಗ್ಲಿ, "ನಂಬಿಕೆಗೆ ಕಳ್ಸು" ಅಂತ ಮ್ಯಾಚ್ ಕೇಳಿದ್ರೆ ಯಾವ ಕಾರಣಕ್ಕೂ ಕಳಿಸ್ಬೇಡಿ.

ಬಾಯಿ ಮುಚ್ಕೊಂಡಿದ್ರೂ ಫೋನ್ ನಂಬರ್ ಹೇಳ್ಬಿಡತ್ತೆ

ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ನಂಗೆ ಪೆಟ್ಟು ಬಿದ್ದಿದ್ದು ಇಲ್ಲೇ.

ಕೆಲವು ವರ್ಷದ ಹಿಂದೆ ಒಬ್ಬನ ಜೊತೆ ವಾರಗಟ್ಟಲೆ ಮಾತಾಡಿದ್ದೆ, ನಂಬರ್ ಕೊಟ್ಟಿದ್ದೆ, ಭೇಟಿ ಆದಮೇಲೆ ಹೇಳೋಣ ಅಂತ ಇದ್ದೆ. ಅವನು ನನ್ನ ನಂಬರನ್ನ ಕಾಲರ್ ಐಡಿ ಆಪಲ್ಲಿ ಹಾಕಿ ನೋಡಿದ್ದಾನೆ, ನನ್ನ ಹಳೇ ಹೆಸರು ಬಂದಿದೆ, ಕಾಲೇಜಿನವರು ಯಾರೋ ಸೇವ್ ಮಾಡ್ಕೊಂಡಿದ್ದ ಹೆಸರು. ಅವನು ಒಂದು ಮಾತೂ ಕೇಳ್ಲಿಲ್ಲ, ನಗ್ತಾ ಬಂದು ಕಾರಲ್ಲಿ ಕೂರಿಸ್ಕೊಂಡ, ಊರಾಚೆ ಕತ್ತಲು ರಸ್ತೆಲಿ ನಿಲ್ಲಿಸಿ ಆ ಹೆಸರು ಹೇಳಿ "ಇದು ಯಾರು" ಅಂದ. ಮುಂದೆ ಟೋಲ್ ಹತ್ರ ಕಾರು ನಿಧಾನ ಆದಾಗ ಬಾಗಿಲು ತೆಗೆದು ಇಳಿದು ಟೋಲ್ ಬೂತ್ ಕಡೆ ಓಡಿದೆ. ಅವತ್ತಿಂದ ಯಾರಿಗೇ ಆಗ್ಲಿ ನಾನು ಮೊದಲು ಹೇಳೋದು ಇದೇ: ನೀವು ಹೇಳೋಕೆ ಮುಂಚೆ ನಿಮ್ಮ ನಂಬರ್ ಹೇಳ್ಬಿಡ್ಬಾರ್ದು.

ಈಗ ನೀವೇ ಪರೀಕ್ಷೆ ಮಾಡಿ. ಗೆಳತಿ ಫೋನ್ ತಗೊಂಡು ನಿಮ್ಮ ನಂಬರನ್ನ ಕಾಲರ್ ಐಡಿ ಆಪಲ್ಲಿ ಹುಡುಕಿ. ಆಮೇಲೆ ಫೋನ್‌ಪೇ ಅಥವಾ ಗೂಗಲ್ ಪೇಲಿ ಅದೇ ನಂಬರ್ ಹಾಕಿ, ದುಡ್ಡು ಕಳಿಸ್ಬೇಕು ಅಂತಿಲ್ಲ, ನಂಬರ್ ಹಾಕಿದ ತಕ್ಷಣ ಬ್ಯಾಂಕಲ್ಲಿರೋ ಹೆಸರು ಬರತ್ತೆ. ಬ್ಯಾಂಕಲ್ಲಿ ಇನ್ನೂ ಹಳೇ ಹೆಸರಿದ್ರೆ ಅಲ್ಲಿಗೆ ಮುಗೀತು. ಮೊದಲ ಡೇಟಲ್ಲಿ "ಬಿಲ್ ಅರ್ಧ ಅರ್ಧ ಹಾಕ್ಕೊಳ್ಳೋಣ" ಅಂತ ಯುಪಿಐ ಮಾಡಿದ್ರೂ ಇದೇ ಕಥೆ, ಹಂಗಾಗಿ ಕ್ಯಾಶ್ ಇಟ್ಕೊಂಡು ಹೋಗಿ.

ಪರಿಹಾರ ಅಂದ್ರೆ ಹೊಸ ಸಿಮ್ ಒಂದು. ಅದನ್ನ ಯಾವ ಬ್ಯಾಂಕಿಗೂ ಯುಪಿಐಗೂ ಲಿಂಕ್ ಮಾಡ್ಬೇಡಿ, ಮನೆಯವರಿಗೆ, ಹಳೇ ಫ್ರೆಂಡ್ಸಿಗೆ ಕೊಡ್ಬೇಡಿ. ಡೇಟಿಂಗ್ ಆಪ್ ಮತ್ತು ಅದರಿಂದ ಬರೋ ವಾಟ್ಸಾಪ್ ಮಾತ್ರ ಅದರಲ್ಲಿ. ನನ್ನ ಗೆಳತಿ ಇದನ್ನೇ ಮಾಡಿದ್ಳು. ಸಿಮ್ ತಗೊಂಡ ದಿನ ಆ ನಂಬರನ್ನ ಹುಡುಕಿ ನೋಡಿದಾಗ ಹಿಂದೆ ಯಾರೋ ಇಟ್ಕೊಂಡಿದ್ದ ಗಂಡಸಿನ ಹೆಸರು ಬಂತು, ಬೇರೆ ನಂಬರ್ ತಗೋಬೇಕಾಯ್ತು. ಅದಕ್ಕೇ ಹೊಸದಾದ್ರೂ ಪರೀಕ್ಷೆ ಮಾಡ್ಲೇಬೇಕು.

ಫೋಟೋಗೂ ಇದೇ ನಿಯಮ. ಇನ್‌ಸ್ಟಾಗ್ರಾಮಲ್ಲೋ ಲಿಂಕ್ಡ್‌ಇನ್ನಲ್ಲೋ ಇರೋ ಫೋಟೋನ ಇಲ್ಲಿ ಹಾಕಿದ್ರೆ ಗೂಗಲ್ ಲೆನ್ಸಲ್ಲಿ ಹುಡುಕಿ ನಿಮ್ಮ ಪೂರ್ತಿ ಹೆಸರು, ಆಫೀಸು ಎಲ್ಲ ತೆಗೀಬಹುದು. ಬೇರೆಲ್ಲೂ ಹಾಕದೇ ಇರೋ ನಾಲ್ಕೈದು ಫೋಟೋ ಹೊಸದಾಗಿ ತೆಗೆಸ್ಕೊಳ್ಳಿ. ಹಿಂದೆ ಪಿಜಿ ಬೋರ್ಡು, ಕೊರಳಲ್ಲಿ ಆಫೀಸ್ ಟ್ಯಾಗು, ಪಕ್ಕದಲ್ಲಿ ನಿಂತಿರೋ ಸ್ಕೂಟರಿನ ನಂಬರ್ ಪ್ಲೇಟು ಇರ್ಬಾರ್ದು. ಇನ್‌ಸ್ಟಾಗ್ರಾಮನ್ನ ಪ್ರೊಫೈಲಿಗೆ ಜೋಡಿಸ್ಬೇಡಿ. ವಾಟ್ಸಾಪಲ್ಲಿ ಫೋಟೋನ ಡಾಕ್ಯುಮೆಂಟ್ ತರ ಕಳಿಸಿದ್ರೆ ತೆಗೆದ ಜಾಗದ ಲೊಕೇಶನ್ನೂ ಜೊತೆಗೆ ಹೋಗ್ಬಹುದು, ಮಾಮೂಲಿ ಫೋಟೋ ತರಾನೇ ಕಳ್ಸಿ.

ಅಣ್ಣ, ಪಿಜಿ ಆಂಟಿ, ಊರು

ಎರಡನೇ ಕಾಲಂನಲ್ಲಿ ಇರೋರಿಗೆ ಪ್ರೊಫೈಲ್ ಕಾಣದ ಹಂಗೆ ಮಾಡೋಕೆ ಆಪಲ್ಲೇ ಒಂದು ದಾರಿ ಇದೆ. ಟಿಂಡರಲ್ಲಿ, ಹಿಂಜಲ್ಲಿ ಕಾಂಟ್ಯಾಕ್ಟ್ಸ್ ಬ್ಲಾಕ್ ಮಾಡೋ ಆಯ್ಕೆ ಸೆಟ್ಟಿಂಗ್ಸಲ್ಲಿ ಸಿಗತ್ತೆ. ಅಣ್ಣನ ನಂಬರು, ಅಣ್ಣನ ಫ್ರೆಂಡ್ಸ್, ಆಫೀಸ್ ಟೀಮಿನವರು, ಕಸಿನ್‌ಗಳು, ಎಲ್ಲರ ನಂಬರನ್ನೂ ಹಾಕಿ. ಆದ್ರೆ ಅವರು ಆಪಿಗೆ ಕೊಟ್ಟಿರೋದು ಬೇರೆ ನಂಬರ್ ಆಗಿದ್ರೆ ಬ್ಲಾಕ್ ಕೆಲಸ ಮಾಡಲ್ಲ, ಹಂಗಾಗಿ ಇದೊಂದನ್ನೇ ನಂಬ್ಕೊಂಡು ಬಯೋಲಿ ಧೈರ್ಯ ಮಾಡ್ಬೇಡಿ.

ಊರಿಗೆ ಹೋಗೋವಾಗ ತುಂಬಾ ಜನ ಮರೆಯೋದು ಒಂದಿದೆ. ಬೆಂಗ್ಳೂರಲ್ಲಿ ಲಕ್ಷಾಂತರ ಪ್ರೊಫೈಲುಗಳ ಮಧ್ಯೆ ನೀವು ಒಬ್ಬರು, ಸಣ್ಣ ಊರಲ್ಲಿ ಸುತ್ತಮುತ್ತ ಇರೋದೇ ಕೆಲವೇ ಪ್ರೊಫೈಲು, ಹಬ್ಬಕ್ಕೆ ಹೋದಾಗ ಮಂಚದ ಮೇಲೆ ಮಲಗಿ ಒಂದ್ಸಲ ಆಪ್ ತೆಗೆದ್ರೆ ಲೊಕೇಶನ್ ಬದಲಾಗಿ ಸಂಜೆ ಒಳಗೆ ಸ್ಕೂಲಲ್ಲಿ ಜೊತೆಗೆ ಓದಿದೋನ ಕಣ್ಣಿಗೆ ನೀವು ಬೀಳ್ತೀರಿ. ಬಸ್ ಹತ್ತೋಕೆ ಮುಂಚೆ, ಬೆಂಗ್ಳೂರಲ್ಲಿ ಇರೋವಾಗ್ಲೇ, ಹೊಸಬರಿಗೆ ಕಾಣಿಸ್ಕೊಳ್ಳೋದನ್ನ ಆಫ್ ಮಾಡಿ. ಟಿಂಡರಲ್ಲಿ ಡಿಸ್ಕವರಿ ಆಫ್ ಮಾಡೋದು, ಬಂಬಲಲ್ಲಿ ಸ್ನೂಜ್, ಹಿಂಜಲ್ಲಿ Pause. ಈಗಾಗ್ಲೇ ಮ್ಯಾಚ್ ಆಗಿರೋರ ಜೊತೆ ಮಾತಾಡ್ಬಹುದು. ಫೋನ್ ಸೆಟ್ಟಿಂಗಲ್ಲಿ ಆ ಆಪಿಗೆ ಲೊಕೇಶನ್ನೂ ತೆಗೆದುಬಿಡಿ, ಹೋಮ್ ಸ್ಕ್ರೀನಿಂದ ಐಕಾನ್ ಮರೆ ಮಾಡಿ, ನೋಟಿಫಿಕೇಶನಲ್ಲಿ ಮೆಸೇಜ್ ಕಾಣದ ಹಂಗೆ ಮಾಡಿ. ದೂರ ತೋರಿಸೋದನ್ನ ಯಾವಾಗ್ಲೂ ಆಫ್ ಇಡಿ, ಗ್ರೈಂಡರಲ್ಲಂತೂ ಮೊದಲು ಮಾಡ್ಬೇಕಾದ್ದು ಅದೇ. ಮೂರು ಬೇರೆ ಬೇರೆ ಜಾಗದಿಂದ ಎಷ್ಟು ದೂರ ಅಂತ ನೋಡಿದ್ರೆ ನೀವು ಯಾವ ಬೀದಿಲಿ ಇದೀರಿ ಅಂತ ಲೆಕ್ಕ ಹಾಕೋಕೆ ಬರತ್ತೆ.

ಚಾಟಲ್ಲಿ ಹೇಳೋದು

ಯಾವಾಗ? ನನ್ನ ಅನುಭವದಲ್ಲಿ ಹತ್ತು ಹದಿನೈದು ಮೆಸೇಜ್ ಆದಮೇಲೆ, ನಂಬರ್ ಕೊಡೋಕೆ ಮುಂಚೆ. ಮೊದಲ ಮೆಸೇಜಲ್ಲೇ ಹೇಳಿದ್ರೆ ಅವನು ಮನುಷ್ಯ ಹೆಂಗೆ ಅಂತ ಏನೂ ಗೊತ್ತಿಲ್ಲದೇ ನಿಮ್ಮ ಗುಟ್ಟು ಕೊಟ್ಟಂಗೆ. ಮೂರು ವಾರ ಆದಮೇಲೆ ಹೇಳಿದ್ರೆ ಇಬ್ಬರಿಗೂ ಮನಸ್ಸು ಅಂಟ್ಕೊಂಡಿರತ್ತೆ, ಅವನಿಗೆ ಮೋಸ ಅನ್ನೋ ಮಾತು ಬೇಗ ಬಾಯಿಗೆ ಬರತ್ತೆ, ನಿಮಗೂ ಬಿಟ್ಟು ಬರೋದು ಕಷ್ಟ. ಹಗಲು ಹೊತ್ತಲ್ಲಿ ಹೇಳಿ, ಇಬ್ರೂ ಎಚ್ಚರದಲ್ಲಿ ಇರೋವಾಗ. ಆಪ್ ಒಳಗೇ ಹೇಳಿ, ವಾಟ್ಸಾಪಿಗೆ ಹೋಗಿ ಅಲ್ಲ. ಆಪಲ್ಲಿ ಅವನ ಹತ್ರ ನಿಮ್ಮ ನಂಬರ್ ಇರಲ್ಲ, ಕೆಟ್ಟದಾಗಿ ಮಾತಾಡಿದ್ರೆ ರಿಪೋರ್ಟ್ ಮಾಡಿ ಅನ್‌ಮ್ಯಾಚ್ ಮಾಡಿದ್ರೆ ಅಲ್ಲಿಗೆ ಮುಗೀತು.

ನನ್ನ ಗೆಳತಿ ಮೊದಲು ಬರೆದಿದ್ದ ಮೆಸೇಜ್ ಇದು: "ಸಾರಿ, ಒಂದು ವಿಷಯ ಮುಚ್ಚಿಟ್ಟಿದ್ದೆ, ದಯವಿಟ್ಟು ತಪ್ಪು ತಿಳ್ಕೋಬೇಡಿ, ನಾನು ನಿಜವಾಗ್ಲೂ ಹುಡುಗಿ ಅಲ್ಲ, ಟ್ರಾನ್ಸ್. ಮನೇಲಿ ಅಪ್ಪನಿಗೆ, ಅಣ್ಣನಿಗೆ ಗೊತ್ತಿಲ್ಲ, ಪ್ಲೀಸ್ ಯಾರಿಗೂ ಹೇಳ್ಬೇಡಿ."

ಓದಿ ನಂಗೆ ಸಂಕಟ ಆಯ್ತು. ಸಾರಿ ಅಂದ ತಕ್ಷಣ ಅವನು ನ್ಯಾಯಾಧೀಶ ಆಗ್ಬಿಟ್ಟ. ನಿಜವಾಗ್ಲೂ ಹುಡುಗಿ ಅಲ್ಲ ಅಂತ ಅವಳೇ ಅಂದ್ರೆ ಅವನು ಬೇರೇನು ಅಂದಾನು. ಕೊನೇ ಸಾಲಂತೂ ಎಲ್ಲಕ್ಕಿಂತ ಅಪಾಯ, ಮನೇಲಿ ಗೊತ್ತಿಲ್ಲ ಅಂತ ಹೇಳೋದು ಅಂದ್ರೆ ನನ್ನನ್ನ ಹೆದರಿಸೋಕೆ ಇಲ್ಲೊಂದು ದಾರಿ ಇದೆ ಅಂತ ಕೈಗೆ ಕೊಟ್ಟಂಗೆ. ಕೂತು ತಿದ್ದಿದ್ವಿ, ಆಮೇಲೆ ಅವಳು ಕಳಿಸಿದ್ದು ಇದು:

"ಮೀಟ್ ಆಗೋ ಮಾತು ಬಂದಿದೆ, ಅದಕ್ಕೆ ಮುಂಚೆ ಒಂದು ವಿಷಯ. ನಾನು ಟ್ರಾನ್ಸ್ ಮಹಿಳೆ. ಹುಟ್ಟಿದಾಗ ಗಂಡು ಅಂತ ಬರ್ಸಿದ್ರು, ನಾನು ಹೆಣ್ಣು, ಹಂಗೇ ಬದುಕ್ತಿದೀನಿ. ನಿಮಗೆ ಒಗ್ಗಲ್ಲ ಅಂದ್ರೆ ಇಲ್ಲೇ ನಿಲ್ಲಿಸೋಣ, ಬೇಜಾರಿಲ್ಲ. ಯೋಚನೆ ಮಾಡಿ ನಾಳೆ ಹೇಳಿದ್ರೂ ಸರಿ."

ಹುಟ್ಟಿದಾಗ ಗಂಡು ಅಂತ ಬರ್ಸಿದ್ರು ಅನ್ನೋ ಸಾಲು ಯಾಕೆ ಬೇಕು ಅಂದ್ರೆ, ಟ್ರಾನ್ಸ್ ಅನ್ನೋ ಪದದ ಅರ್ಥ ಗೊತ್ತಿಲ್ಲದೇ ಹ್ಞೂ ಅನ್ನೋರು ಇದ್ದಾರೆ. ಕಳಿಸಿದ ಮೇಲೆ ಇನ್ನೊಂದು ಮೆಸೇಜ್ ಹಾಕ್ಬೇಡಿ, ಉತ್ತರ ಬಂತಾ ಅಂತ ನೋಡ್ತಾ ಕೂರೋದು ಕಷ್ಟ ಅಂತ ಗೊತ್ತು, ಫೋನ್ ಇಟ್ಟು ಏನಾದ್ರೂ ಕೆಲಸ ಮಾಡಿ.

ಉತ್ತರ ಓದೋದು ಒಂದು ವಿದ್ಯೆ. ಸುಮ್ನೆ ಅನ್‌ಮ್ಯಾಚ್ ಆದ್ರೆ ಒಳ್ಳೇದಾಯ್ತು. ಬೈದ್ರೆ ಮೊದಲು ಸ್ಕ್ರೀನ್‌ಶಾಟ್, ಆಮೇಲೆ ರಿಪೋರ್ಟ್, ಯಾಕಂದ್ರೆ ಅವನು ಅನ್‌ಮ್ಯಾಚ್ ಮಾಡಿದ್ರೆ ಚಾಟ್ ನಿಮ್ಮ ಕಡೆಯಿಂದಾನೂ ಮಾಯ ಆಗ್ಬಹುದು. "ಅಯ್ಯೋ ಪರ್ವಾಗಿಲ್ಲ, ಈಗ್ಲೇ ರೂಮಿಗೆ ಬರ್ಲಾ" ಅಂದ್ರೆ ಅದು ಒಪ್ಪಿಗೆ ಅಲ್ಲ, ಅಲ್ಲಿಗೆ ನಿಲ್ಲಿಸಿ. "ಆಪರೇಶನ್ ಆಗಿದ್ಯಾ" ಅಂತ ಎಲ್ಲಕ್ಕಿಂತ ಮೊದಲು ಕೇಳಿದ್ರೆ, "ಅದು ಈಗ ಮಾತಾಡೋ ವಿಷಯ ಅಲ್ಲ" ಅಂತ ಒಂದ್ಸಲ ಹೇಳಿ ನೋಡಿ. ಗೊತ್ತಿಲ್ಲದೇ ಕೇಳಿದೋನು ಸಾರಿ ಅಂತಾನೆ, ಅದಕ್ಕೇ ಬಂದೋನು ಮತ್ತೆ ಕೇಳ್ತಾನೆ. ನಾನು ತುಂಬಾ ಹುಷಾರಾಗಿ ನೋಡೋ ಪ್ರಶ್ನೆ "ಮನೇಲಿ ಗೊತ್ತಾ, ಆಫೀಸಲ್ಲಿ ಗೊತ್ತಾ" ಅನ್ನೋದು, ಪರಿಚಯ ಆಗಿ ಎರಡನೇ ದಿನಕ್ಕೆ ಕೇಳಿದ್ರೆ. ಕಾಳಜಿಯಿಂದಾನೂ ಕೇಳಿರ್ಬಹುದು, ಆದ್ರೆ ಬ್ಲ್ಯಾಕ್‌ಮೇಲ್ ಮಾಡೋರೂ ಮೊದಲು ತಿಳ್ಕೊಳ್ಳೋದು ಅದನ್ನೇ. ಉತ್ತರ ಒಂದೇ: "ಹ್ಞೂ, ಎಲ್ರಿಗೂ ಗೊತ್ತು." ನಿಜ ಏನೇ ಇರ್ಲಿ.

ಅವಳಿಗೆ ಆ ವಾರ ಮೂರು ಜನಕ್ಕೆ ಹೇಳಿದ್ದಕ್ಕೆ ಒಬ್ಬ ಅನ್‌ಮ್ಯಾಚ್ ಮಾಡಿದ, ಒಬ್ಬ ರಾತ್ರಿ ಬರ್ತೀನಿ ಅಂದ, ಮೂರನೇಯವನು ಮಾರನೇ ದಿನ ಮಧ್ಯಾಹ್ನ "ನಂಗೆ ಇದರ ಬಗ್ಗೆ ಜಾಸ್ತಿ ಗೊತ್ತಿಲ್ಲ, ತಪ್ಪಾಗಿ ಏನಾದ್ರೂ ಕೇಳಿದ್ರೆ ಹೇಳಿ, ಶನಿವಾರ ಕಾಫಿಗೆ ಸಿಗೋಣ್ವಾ" ಅಂತ ಬರೆದ.

ಮೊದಲ ಭೇಟಿ

ಮೊದಲು ಐದು ನಿಮಿಷ ವಿಡಿಯೋ ಕಾಲ್, ಆಪಲ್ಲೇ ಇದ್ರೆ ಆಪಲ್ಲೇ. ಫೋಟೋಲಿರೋ ಮುಖಾನೇ ಇದ್ಯಾ ಅಂತ ನೋಡೋಕೆ. ರೂಮಿನ ಗುರುತು ಕಾಣದ ಗೋಡೆ ಮುಂದೆ ಕೂತ್ಕೊಳ್ಳಿ.

ಜಾಗ ನೀವೇ ಆರಿಸಿ. ಮೊದಲ ಭೇಟಿಗೆ ದರ್ಶಿನಿಗಿಂತ ಒಳ್ಳೇ ಜಾಗ ನಂಗೆ ಗೊತ್ತಿಲ್ಲ. ದುಡ್ಡು ಕೌಂಟರಲ್ಲಿ ಮೊದಲೇ ಕ್ಯಾಶ್ ಕೊಟ್ಟಿರ್ತೀರಿ, ಬಿಲ್ಲಿಗೆ ಕಾಯೋದಿಲ್ಲ, ನಿಂತ್ಕೊಂಡೇ ಕಾಫಿ ಕುಡಿಯೋದು, ಸುತ್ತ ಹತ್ತಿಪ್ಪತ್ತು ಜನ, ಯಾವ ಕ್ಷಣದಲ್ಲಿ ಬೇಕಾದ್ರೂ ಲೋಟ ಇಟ್ಟು ನಡೀಬಹುದು. ಮೆಟ್ರೋ ಸ್ಟೇಷನ್ ಹತ್ರ ಇರೋದು ನೋಡ್ಕೊಳ್ಳಿ. ಅವನ ಗಾಡಿ ಹತ್ತೋದು ಬೇಡ, ಪಿಜಿ ಹತ್ರ ಡ್ರಾಪ್ ತಗೊಳ್ಳೋದೂ ಬೇಡ. ಗೆಳತಿ ಒಬ್ಬಳಿಗೆ ಅವನ ಪ್ರೊಫೈಲ್ ಸ್ಕ್ರೀನ್‌ಶಾಟು, ಲೈವ್ ಲೊಕೇಶನ್ ಕಳ್ಸಿ, ಎಷ್ಟು ಹೊತ್ತಿಗೆ ಫೋನ್ ಮಾಡ್ಬೇಕು ಅಂತ ಮೊದಲೇ ಮಾತಾಡ್ಕೊಳ್ಳಿ. ನಾವು ಅವತ್ತು ಮಾಡಿದ್ದು: ಅವಳು ನಾಲ್ಕೂವರೆಗೆ ಹೋದ್ಳು, ಐದಕ್ಕೆ ನಾನು ಕಾಲ್ ಮಾಡಿದೆ, "ಅಕ್ಕ, ಗ್ಯಾಸ್ ಆಫ್ ಮಾಡಿದೀನಿ" ಅಂದ್ರೆ ಎಲ್ಲ ಸರಿ ಇದೆ ಅಂತ, "ಗ್ಯಾಸ್ ಆಫ್ ಮಾಡಿದ್ನೋ ಇಲ್ವೋ ನೆನಪಿಲ್ಲ" ಅಂದ್ರೆ ನಾನು ಹೊರಡ್ಬೇಕು ಅಂತ. ಆಫ್ ಮಾಡಿದೀನಿ ಅಂದ್ಳು.

ಹೆದರಿಸಿದ್ರೆ

ಸಾಮಾನ್ಯವಾಗಿ ನಡೆಯೋದು ಹಿಂಗೆ: ರೂಮಿಗೆ ಕರೀತಾರೆ, ಸ್ವಲ್ಪ ಹೊತ್ತಿಗೆ ಇನ್ನಿಬ್ರು ಮೂವರು ಬರ್ತಾರೆ, ವಿಡಿಯೋ ಮಾಡ್ತಾರೆ, ಯುಪಿಐಲಿ ದುಡ್ಡು ಹಾಕ್ಸ್ಕೋತಾರೆ, ಇಲ್ಲಾಂದ್ರೆ ಚಾಟಿನ ಸ್ಕ್ರೀನ್‌ಶಾಟ್ ಮನೆಗೆ ಕಳಿಸ್ತೀನಿ ಅಂತಾರೆ. ಎದುರಿಗೆ ನಿಂತು ಹೆದರಿಸ್ತಿದ್ರೆ ಮೊದಲು ಜೀವ, ಕೇಳಿದ್ದು ಕೊಟ್ಟು ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ. ಫೋನಲ್ಲಿ ಹೆದರಿಸ್ತಿದ್ರೆ ಒಂದು ರೂಪಾಯಿನೂ ಕಳಿಸ್ಬೇಡಿ, ಒಂದ್ಸಲ ಕೊಟ್ರೆ ವಾರಕ್ಕೊಂದ್ಸಲ ಬರ್ತಾರೆ.

ಅವನ ಪ್ರೊಫೈಲು, ನಂಬರು, ಯುಪಿಐ ಐಡಿ, ಮೆಸೇಜು ಎಲ್ಲದರ ಸ್ಕ್ರೀನ್‌ಶಾಟ್ ತಾರೀಕು ಟೈಮು ಕಾಣೋ ಹಂಗೆ ತಗೊಂಡು ಗೆಳತಿಗೂ ಕಳ್ಸಿಡಿ, ಆಮೇಲೆ ಬ್ಲಾಕ್ ಮಾಡಿ. ದುಡ್ಡು ಹೋಗಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡಿದ್ರೆ ಆ ದುಡ್ಡನ್ನ ತಡೆಹಿಡಿಯೋ ಸಾಧ್ಯತೆ ಅಷ್ಟು ಜಾಸ್ತಿ. ಕಂಪ್ಲೇಂಟ್ cybercrime.gov.in ಅಲ್ಲಿ ಕೊಡ್ಬಹುದು. ಬೆತ್ತಲೆ ಫೋಟೋ ಹರಡ್ತೀನಿ ಅಂದ್ರೆ StopNCII.org ಅನ್ನೋ ಸೈಟಲ್ಲಿ ಫೋಟೋ ಕಳಿಸದೇನೇ ಅದರ ಡಿಜಿಟಲ್ ಗುರುತು ಮಾತ್ರ ಕೊಟ್ಟು, ಅವರ ಜೊತೆ ಸೇರಿರೋ ಕಂಪನಿಗಳ ಸೈಟಲ್ಲಿ ಹರಡದ ಹಂಗೆ ತಡೀಬಹುದು.

"ಪೊಲೀಸಿಗೆ ಕೊಡ್ತೀವಿ, ನಿಂದೇ ತಪ್ಪು, 377 ಕೇಸು" ಅಂತ ಹೆದರಿಸ್ತಾರೆ. ವಯಸ್ಕರು ಇಬ್ಬರೂ ಒಪ್ಪಿ ಇರೋದು ಅಪರಾಧ ಅಲ್ಲ ಅಂತ 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟ್ ಹೇಳಾಯ್ತು, 2024ರ ಜುಲೈ 1ರಿಂದ ಬಂದಿರೋ ಭಾರತೀಯ ನ್ಯಾಯ ಸಂಹಿತೆಲಿ ಆ ಸೆಕ್ಷನ್ನೇ ಇಲ್ಲ. ಹೆದರಿಸಿ ದುಡ್ಡು ಕೀಳೋದೇ ಅಪರಾಧ, ಅದು ಅದೇ ಸಂಹಿತೆಯ ಸೆಕ್ಷನ್ 308. ಸ್ಟೇಷನ್ನಿಗೆ ಒಬ್ಬರೇ ಹೋಗೋದು ಕಷ್ಟ ಅನ್ಸಿದ್ರೆ ಸಮುದಾಯದ ಸಂಘಟನೆಯವರನ್ನೋ ವಕೀಲರನ್ನೋ ಜೊತೆಗೆ ಕರ್ಕೊಂಡು ಹೋಗಿ, ಬೆಂಗ್ಳೂರಲ್ಲಿ ಸಂಗಮದಂಥ ಸಂಸ್ಥೆಗಳು ಇದಾವೆ.

ಮ್ಯಾಟ್ರಿಮೊನಿ ಬಗ್ಗೆ ಕೇಳೋರಿಗೆ ಒಂದೇ ಮಾತು. ಅಲ್ಲಿ ಪ್ರೊಫೈಲ್ ಓದೋದು ಹುಡುಗ ಅಲ್ಲ, ಅವರ ಅಪ್ಪ, ಚಿಕ್ಕಪ್ಪ, ಬ್ರೋಕರ್, ಹಂಗಾಗಿ ಚಾಟಲ್ಲಿ ಮೆಲ್ಲಗೆ ಹೇಳೋ ದಾರಿನೇ ಅಲ್ಲಿಲ್ಲ, ಬರೆಯೋದಾದ್ರೆ ಮೊದಲ ಸಾಲಲ್ಲೇ ಬರೀಬೇಕು. ಟ್ರಾನ್ಸ್ ಮಹಿಳೆ ಗಂಡಸಿನ್ನ ಮದುವೆ ಆಗೋಕೆ ಕಾನೂನಲ್ಲಿ ಅವಕಾಶ ಇದೆ ಅಂತ 2023ರ ಅಕ್ಟೋಬರ್ 17ರ ತೀರ್ಪಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಕೇಳಿದೋರಿಗೆ ಅದನ್ನ ತೋರಿಸಿ.

ಆ ಎರಡು ಕಾಲಂನ ಪೇಪರ್ ಬಿಸಾಡ್ಬೇಡಿ, ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ, ಹೆಸರುಗಳು ಜಾಗ ಬದಲಾಯಿಸ್ತಾವೆ. ನನ್ನ ಗೆಳತಿ ಹೋದ ವರ್ಷ ಪಿಜಿ ಬಿಟ್ಟು ಬಾಡಿಗೆ ಮನೆಗೆ ಹೋದ್ಳು, ಓನರಿಗೆ ಮೊದಲೇ ಹೇಳಿ ಸೇರ್ಕೊಂಡ್ಳು, "ರೂಮು" ಅನ್ನೋ ಪದ ಹೊಡೆದು ಹಾಕಿದ್ಳು. ಅಣ್ಣನ ಹೆಸರು ಇನ್ನೂ ಎರಡನೇ ಕಾಲಂನಲ್ಲೇ ಇದೆ, ಅವಳ ಬಯೋಲಿ ಇನ್ನೂ ಆ ಸಾಲು ಇಲ್ಲ.